ಬೆಳ್ಳಿತಗಡಿನ ಮೇಲೆ ಅಷ್ಟು ಚೂಪಾದ ಚಿತ್ರ, ಕಾಗದದ ನೆಗೆಟಿವ್‌ನಲ್ಲಿ ಯಾಕೆ ಮಸುಕು?

ಹೊಯ್ಸಳಪ್ರಿಯ
ಮದ್ರಾಸ್ ಸೈನ್ಯದ ಅಧಿಕಾರಿ ಲಿನೀಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರಿನಲ್ಲಿ ತೆಗೆದ ಫೋಟೋಗಳನ್ನು ದೊಡ್ಡದು ಮಾಡಿ ನೋಡ್ತಾ ಇದ್ದೆ. ಕಾಗದದ ನೆಗೆಟಿವ್‌ನಿಂದ ಮಾಡಿದ ಪ್ರಿಂಟ್‌ಗಳು. ದೂರದಿಂದ ಭರ್ಜರಿ, ಹತ್ತಿರ ಹೋದಂತೆ ಕೆತ್ತನೆಯ ಗೆರೆ ಮೆತ್ತಗಾಗುತ್ತಾ ಹೋಗುತ್ತೆ. ಆದರೆ ಅದಕ್ಕಿಂತ ಹತ್ತು ಹದಿನೈದು ವರ್ಷ ಹಳೆಯ ಡಾಗೆರೋಟೈಪ್ ತಗಡುಗಳಲ್ಲಿ ಭೂತಗನ್ನಡಿ ಹಿಡಿದರೂ ವಿವರ ಮುಗಿಯಲ್ಲ ಅಂತಾರೆ.
ಎರಡು ಪ್ರಶ್ನೆ. ಈ ವ್ಯತ್ಯಾಸ ಯಾಕೆ? ಅಷ್ಟು ಚೂಪಾದದ್ದು ಕೈಯಲ್ಲಿದ್ದಾಗ ಜನ ಮಸುಕಾದ ಕಾಗದದ ಕಡೆ ಹೋಗಿದ್ದೇಕೆ?

ಟೆಲಿಲೆನ್ಸ್
ಸಿಂಪಲ್. ಆಗಿನ ಲೆನ್ಸ್ ಸರಿ ಇರಲಿಲ್ಲ. ಹಳ್ಳಿಗಾಡಲ್ಲಿ ಎತ್ತಿನಗಾಡಿ ಮೇಲೆ ಹೊತ್ಕೊಂಡು ಹೋದ ಕ್ಯಾಮೆರಾದಿಂದ ಇನ್ನೇನು ನಿರೀಕ್ಷೆ ಮಾಡ್ತೀರಾ.

ಬೆಳ್ಳಿಹಾಳೆ
ಲೆನ್ಸ್ ಅಲ್ಲ. ಅದೇ ಕ್ಯಾಮೆರಾ, ಅದೇ ಲೆನ್ಸ್ ಇಟ್ಟು ಒಂದು ಸಲ ತಗಡು, ಇನ್ನೊಂದು ಸಲ ಕಾಗದ ಹಾಕಿದರೂ ಇದೇ ವ್ಯತ್ಯಾಸ ಬರುತ್ತೆ. ಚಿತ್ರ ಎಲ್ಲಿ ಕೂತಿದೆ ಅನ್ನೋದು ಮುಖ್ಯ.

ಡಾಗೆರೋಟೈಪ್‌ನಲ್ಲಿ ತಾಮ್ರದ ತಗಡಿಗೆ ಬೆಳ್ಳಿ ಹೊದಿಸಿ ಕನ್ನಡಿಯಷ್ಟು ನುಣುಪಾಗಿ ಉಜ್ಜಿರುತ್ತಾರೆ. ಚಿತ್ರ ಅಂದರೆ ಆ ನುಣುಪಿನ ಮೇಲೆ ಕೂತ ಬೆಳ್ಳಿ ಮತ್ತು ಪಾದರಸದ ಅತಿ ಸಣ್ಣ ಬಿಳಿ ಕಣಗಳು, ಅಷ್ಟೇ. ಕಣ ದಟ್ಟವಾಗಿರೋ ಕಡೆ ಬಿಳುಪು, ಕಣವೇ ಇಲ್ಲದ ಕಡೆ ಬರೀ ಕನ್ನಡಿ, ಅದು ಕಪ್ಪಾಗಿ ಕಾಣುತ್ತೆ. ಬೆಳಕು ಅತ್ತಿತ್ತ ಹರಡಿಹೋಗೋಕೆ ಅಲ್ಲಿ ದಪ್ಪವೇ ಇಲ್ಲ.

ಕಾಗದದಲ್ಲಿ ಸಿಲ್ವರ್ ಅಯೊಡೈಡ್ ನಾರಿನ ಒಳಗೆ ಇಳಿದಿರುತ್ತೆ. ಕ್ಯಾಮೆರಾದಲ್ಲಿ ಬೆಳಕು ಬಿದ್ದಾಗ ಆ ನಾರುಗಳಲ್ಲಿ ಒಂದು ಸಲ ಚೆದುರುತ್ತೆ. ಆಮೇಲೆ ಪ್ರಿಂಟ್ ಹಾಕುವಾಗ ಬೆಳಕು ಅದೇ ಹಾಳೆಯನ್ನು ದಾಟಿ ಬರಬೇಕು, ಆಗ ಇನ್ನೊಂದು ಸಲ. ಜೊತೆಗೆ ನಾರಿನ ದಪ್ಪ ತೆಳುವೂ ಪ್ರಿಂಟ್‌ನಲ್ಲಿ ಮೂಡುತ್ತೆ. ನೀವು ನೋಡ್ತಿರೋ ಮೆತ್ತಗಿನ ಕಾಳುಕಾಳು ಅದೇ.

ರಾಜಾಜಿನಗರ ರಾಜು
ನೆಗೆಟಿವ್ ಮಸುಕಾದ್ರೆ ಒಳ್ಳೆ ಸ್ಕ್ಯಾನರ್‌ನಲ್ಲಿ ಹಾಕಿಸಿ ಸರ್. ನಮ್ಮನೇಲಿ 1986ರ ಮದುವೆ ನೆಗೆಟಿವ್ ಇದಾವೆ, ಬಣ್ಣ ಕೆಂಪಾಗಿದೆ. ಯಾರಾದ್ರೂ ಮಾಡಿಕೊಡ್ತಾರಾ?

ಹೊಯ್ಸಳಪ್ರಿಯ
ರಾಜು ಅವರೇ, ಇದು ಫಿಲ್ಮ್ ಬರೋಕೆ ಎಷ್ಟೋ ವರ್ಷ ಮುಂಚಿನ ಮಾತು. ನಿಮ್ಮದಕ್ಕೆ ಬೇರೆ ಎಳೆ ತೆರೀರಿ, ಅಲ್ಲಿ ಬಂದು ಹೇಳ್ತೀನಿ.

ಧಾರವಾಡದ ಪಾಟೀಲ
ಅಲ್ರೀ, ಡಾಗೇರ್ 1839ರಾಗ ಪ್ಯಾರಿಸ್‌ನಾಗ ಹೇಳಿದ್ ಮ್ಯಾಲ ಅದನ್ನ ನೋಡಿ ಇಂಗ್ಲೆಂಡಿನ ಟಾಲ್ಬಟ್ ಕಾಗದದ್ದು ಮಾಡಿದ ಅಂತ ಓದೀನಿ. ನಕಲು ಅಸಲಿನಷ್ಟು ಛಲೋ ಹೆಂಗ್ ಬರ್ತದ?

ಬೆಳ್ಳಿಹಾಳೆ
ಪಾಟೀಲರೇ, ಅದು ಸರಿಯಲ್ಲ. ಲ್ಯಾಕಾಕ್‌ನ ತನ್ನ ಮನೆಯ ಕಿಟಕಿಯನ್ನು ಟಾಲ್ಬಟ್ ಪುಟ್ಟ ಕಾಗದದ ನೆಗೆಟಿವ್ ಮೇಲೆ ಹಿಡಿದಿದ್ದು 1835ರ ಆಗಸ್ಟ್‌ನಲ್ಲಿ. ಆ ಹಾಳೆ ಇವತ್ತಿಗೂ ಇದೆ. 1839ರ ಜನವರಿ 7ರಂದು ಅರಾಗೊ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಡಾಗೇರ್‌ನ ಸುದ್ದಿ ಹೇಳಿದ ಮೇಲೆ ಟಾಲ್ಬಟ್ ತನ್ನದನ್ನೂ ಗಡಿಬಿಡಿಯಿಂದ ಹೊರಗಿಟ್ಟ, ಅಷ್ಟೇ.

ಆದರೆ ಆ ಮೊದಲ ಕಾಗದಕ್ಕೆ ಒಂದು ದೊಡ್ಡ ತೊಂದರೆ ಇತ್ತು. ಚಿತ್ರ ಪೂರ್ತಿ ಕಣ್ಣಿಗೆ ಕಾಣುವಷ್ಟು ಕಪ್ಪಾಗೋವರೆಗೂ ಕ್ಯಾಮೆರಾದಲ್ಲೇ ಬಿಡಬೇಕಿತ್ತು, ಬೆಳಕೊಂದೇ ಇಡೀ ಕೆಲಸ ಮಾಡಬೇಕಿತ್ತು. 1840ರ ಸೆಪ್ಟೆಂಬರ್‌ನಲ್ಲಿ ಅವನಿಗೆ ಸಿಕ್ಕಿದ್ದು ಬೇರೆಯೇ ಸಂಗತಿ: ಸ್ವಲ್ಪ ಹೊತ್ತು ಬೆಳಕು ಬಿದ್ದ ಹಾಳೆ ಖಾಲಿಯಾಗಿ ಕಂಡರೂ ಚಿತ್ರ ಒಳಗೆ ಅಡಗಿರುತ್ತೆ, ಗ್ಯಾಲಿಕ್ ಆಮ್ಲ ಹಚ್ಚಿದರೆ ಹೊರಗೆ ಬರುತ್ತೆ. ಕ್ಯಾಲೊಟೈಪ್ ಅಂದರೆ ಇದು. 1841ರ ಫೆಬ್ರವರಿ 8ಕ್ಕೆ ಪೇಟೆಂಟ್ ಮಾಡಿಸಿದ.

ಟೆಲಿಲೆನ್ಸ್
ಅಂದ್ರೆ ಬೆಳಕು ಹಿಡಿಯೋದು ಗ್ಯಾಲಿಕ್ ಆಮ್ಲ. ಅದು ಹಾಕಿದ್ಮೇಲೆ ತಾನೇ ಕಾಗದಕ್ಕೆ ವೇಗ ಬಂದಿದ್ದು?

ಬೆಳ್ಳಿಹಾಳೆ
ಬಹಳ ಜನ ಹೀಗೇ ಅಂದುಕೊಳ್ಳೋದು. ಗ್ಯಾಲಿಕ್ ಆಮ್ಲ ಡೆವಲಪರ್. ಬೆಳಕು ಹಿಡಿಯೋದು ಸಿಲ್ವರ್ ಅಯೊಡೈಡ್, ಅದೂ ಪಕ್ಕದಲ್ಲಿ ಹೆಚ್ಚುವರಿ ಸಿಲ್ವರ್ ನೈಟ್ರೇಟ್ ಇದ್ದಾಗ ಮಾತ್ರ.

ಕ್ಯಾಲೊಟೈಪ್‌ನ ಮೊದಲ ಹಂತ ಮುಗಿದ ಹಾಳೆಯಲ್ಲಿ ಸಿಲ್ವರ್ ಅಯೊಡೈಡ್ ತುಂಬಿರುತ್ತೆ. ತಿಳಿಹಳದಿ ಬಣ್ಣ. ಅದನ್ನು ಕೋಣೆಯ ಬೆಳಕಲ್ಲಿ ಧೈರ್ಯವಾಗಿ ಹಿಡಿದಾಡಬಹುದು, ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಇಡಬಹುದು. ಪೊಟ್ಯಾಶಿಯಂ ಅಯೊಡೈಡ್ ಹೆಚ್ಚಾಗಿರೋ ಕಡೆ ಹುಟ್ಟಿದ ಸಿಲ್ವರ್ ಅಯೊಡೈಡ್ ಬೆಳಕಿಗೆ ಹೆಚ್ಚುಕಡಿಮೆ ಕುರುಡು. ಮತ್ತೆ ಸಿಲ್ವರ್ ನೈಟ್ರೇಟ್ ಹಚ್ಚಿದ ಕ್ಷಣದಿಂದ ಅದಕ್ಕೆ ಕಣ್ಣು ಬರುತ್ತೆ, ಆಮೇಲೆ ಕೆಂಪು ದೀಪ ಬೇಕು.

ಗ್ಯಾಲಿಕ್ ಬೇಡ ಅನ್ನೋಕೆ ಪುರಾವೆ ಬೇಕಾ? ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರಲ್ಲಿ ಹೇಳಿದ ಮೇಣದ ಕಾಗದ ನೋಡಿ. ಅಲ್ಲಿ ಕ್ಯಾಮೆರಾಗೆ ಹಾಕೋ ಮುಂಚೆ ಸಿಲ್ವರ್ ನೈಟ್ರೇಟ್ ಮತ್ತು ಅಸಿಟಿಕ್ ಆಮ್ಲ ಮಾತ್ರ. ಗ್ಯಾಲಿಕ್ ಬರೋದು ಕೊನೆಗೆ, ಚಿತ್ರ ಹೊರಗೆ ತರೋವಾಗ.

ಟೆಲಿಲೆನ್ಸ್
ಟಾಲ್ಬಟ್ ಮೊದಲೂ ಹಾಕ್ತಿದ್ದ, ಆಮೇಲೂ ಹಾಕ್ತಿದ್ದ. ಸುಮ್ನೆ ಹಾಕ್ತಿದ್ನಾ?

ಲ್ಯಾಬ್ ಲಕ್ಷ್ಮಣ
ಸುಮ್ನೆ ಅಲ್ಲ. ಮೊದಲೇ ಇದ್ದರೆ ಡೆವಲಪ್ ಬೇಗ ಶುರುವಾಗುತ್ತೆ. ಅದಕ್ಕೇ ಆ ಹಾಳೆ ಬೇಗ ಕೆಡುತ್ತೆ ಕೂಡ. ಬೆಳಕೇ ತಾಗದಿದ್ದರೂ ಗ್ಯಾಲಿಕ್ ಮತ್ತು ಬೆಳ್ಳಿ ಒಂದೇ ಹಾಳೆಯಲ್ಲಿದ್ದರೆ ನಿಧಾನಕ್ಕೆ ಕಂದಾಗ್ತಾನೇ ಇರುತ್ತೆ. ಹಚ್ಚಿದ ದಿನವೇ ಬಳಸಬೇಕು, ನಮ್ಮ ಬೇಸಿಗೆಯಲ್ಲಾದರೆ ಕೆಲವೇ ಗಂಟೆ. ಲ ಗ್ರೇ ಹಾಳೆಯನ್ನು ಊರಲ್ಲೇ ತಯಾರು ಮಾಡಿ ಪ್ರಯಾಣಕ್ಕೆ ಒಯ್ಯಬಹುದಿತ್ತು. ಬದಲಿಗೆ ಎಕ್ಸ್‌ಪೋಷರ್ ಉದ್ದ, ಡೆವಲಪ್‌ಗೆ ಗಂಟೆಗಟ್ಟಲೆ.

ಕುಂದಾಪ್ರದ ಶೆಟ್ರು
ನಡುವೆ ಬಾಯಿ ಹಾಕ್ತೆ, ಬೇಜಾರ್ ಮಾಡ್ಕಣ್ಬೇಡಿ. ನಮ್ಮ ಹಳೇ ಮನೆ ಪೆಟ್ಟಿಗೆಯಲ್ಲಿ ತಗಡಿನ ಮೇಲಿನ ಫೋಟೋ ಒಂದು ಇತ್ತ್. ಮೇಲೆ ಕಪ್ಪು ಹಿಡ್ದಿದೆ. ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಬೆಳ್ಳಿ ಹೊಳಪು ಬತ್ತಾ?

ಸಂಗ್ರಹಪಾಲಕಿ
ಶೆಟ್ರೇ, ದಯವಿಟ್ಟು ಹುಣಸೆಹಣ್ಣು ಕೆಳಗಿಡಿ! ಬಟ್ಟೆ, ಹತ್ತಿ, ಬೆರಳು ಯಾವುದೂ ಬೇಡ.

ಮೊದಲು ಅದು ಏನು ಅಂತ ನೋಡೋಣ. ಫೋಟೋ ಕೈಯಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡಿ. ಡಾಗೆರೋಟೈಪ್ ಆದರೆ ಒಂದು ಕೋನದಲ್ಲಿ ಸರಿಯಾದ ಚಿತ್ರ, ಇನ್ನೊಂದರಲ್ಲಿ ನೆಗೆಟಿವ್, ಮತ್ತೊಂದರಲ್ಲಿ ನಿಮ್ಮ ಮುಖವೇ ಕಾಣುತ್ತೆ. ಯಾವ ಕಡೆ ತಿರುಗಿಸಿದರೂ ಒಂದೇ ಮಂಕಾದ ಬೂದು ಚಿತ್ರ ಕಂಡರೆ ಅದು ಟಿನ್‌ಟೈಪ್, ಅಂದರೆ ಕಪ್ಪು ಬಣ್ಣ ಬಳಿದ ಕಬ್ಬಿಣದ ತಗಡು. ಹಿಂಬದಿಗೆ ಮ್ಯಾಗ್ನೆಟ್ ಹಿಡಿದರೆ ಟಿನ್‌ಟೈಪ್ ಅಂಟುತ್ತೆ, ತಾಮ್ರ ಅಂಟಲ್ಲ.

ಡಾಗೆರೋಟೈಪೇ ಆಗಿದ್ದರೆ ಆ ಬಿಳಿ ಕಣಗಳು ಮೇಲೆ ಸುಮ್ಮನೆ ಕೂತಿವೆ ಅಷ್ಟೇ, ಒಂದು ಸಲ ಒರೆಸಿದರೆ ಮುಖವೇ ಹೋಗುತ್ತೆ. ಮತ್ತೆ ತರೋ ದಾರಿ ಇಲ್ಲ. ಕೆಲವು ದಶಕ ಹಿಂದೆ ಸಂಗ್ರಹಾಲಯಗಳಲ್ಲೇ ಥಯೋಯೂರಿಯಾ ದ್ರಾವಣದಲ್ಲಿ ಅದ್ದಿ ಕಪ್ಪು ತೆಗೆಯೋರು, ಆಮೇಲೆ ಆ ತಗಡುಗಳ ಮೇಲೆ ಕಂದು ಚುಕ್ಕಿ ಎದ್ದವು. ಈಗ ಸಾಮಾನ್ಯವಾಗಿ ತಗಡನ್ನು ಮುಟ್ಟದೆ ಮುಂದಿನ ಗಾಜು ಬದಲಿಸಿ ಅಂಚಿಗೆ ಹೊಸ ಪಟ್ಟಿ ಅಂಟಿಸುತ್ತಾರೆ. ಹಳೇ ಗಾಜೇ ಬೆವರಿ ಕ್ಷಾರ ಬಿಡುತ್ತೆ, ಎಷ್ಟೋ ಸಲ ಕಳ್ಳ ಅದೇ.

ಕುಂದಾಪ್ರದ ಶೆಟ್ರು
ಮ್ಯಾಗ್ನೆಟ್ ಹಿಡ್ದೆ ಮಾರಾಯ್ರೆ. ಗಟ್ಟಿ ಅಂಟ್ತು.

ಸಂಗ್ರಹಪಾಲಕಿ
ಹಾಗಾದರೆ ಟಿನ್‌ಟೈಪ್. ಆದರೂ ತಿಕ್ಕಬೇಡಿ, ಅದರ ವಾರ್ನಿಶ್ ಪದರ ಏಳುತ್ತೆ, ಕೆಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ಒಣಗಿದ ಜಾಗದಲ್ಲಿ ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿಡಿ. ಕರಾವಳಿ ಮಳೆಗಾಲ ಅದಕ್ಕೆ ಶತ್ರು.

ಹೊಯ್ಸಳಪ್ರಿಯ
ಎರಡನೇ ಪ್ರಶ್ನೆ ಹಾಗೇ ಉಳೀತಲ್ಲ. ತಗಡು ಬಿಟ್ಟಿದ್ದೇಕೆ?

ಲ್ಯಾಬ್ ಲಕ್ಷ್ಮಣ
ಒಂದು ತಗಡು ಮಾಡೋದು ಹೇಗೆ ಅಂತ ನೋಡಿದರೆ ಉತ್ತರ ಅಲ್ಲೇ ಇದೆ.

ಉಜ್ಜೋದೇ ಅರ್ಧ ಕೆಲಸ. ನುಣ್ಣನೆಯ ಪ್ಯೂಮಿಸ್ ಪುಡಿ ಮತ್ತು ಆಲಿವ್ ಎಣ್ಣೆಯಿಂದ ಶುರುಮಾಡಿ, ಕೊನೆಗೆ ಜಿಂಕೆ ಚರ್ಮ ಸುತ್ತಿದ ಪಟ್ಟಿಯ ಮೇಲೆ ರೂಜ್ ಪುಡಿ ಹಾಕಿ ಒಂದೇ ದಿಕ್ಕಿಗೆ ಎಳೀಬೇಕು. ಕೊನೆಯ ಎಳೆತ ಚಿತ್ರಕ್ಕೆ ಅಡ್ಡಡ್ಡ ಇರಬೇಕು. ಉದ್ದುದ್ದ ಉಜ್ಜಿದರೆ ಪಕ್ಕದಿಂದ ಬಂದ ಬೆಳಕು ಆ ಸಣ್ಣ ಗೀರುಗಳಲ್ಲಿ ಸಿಕ್ಕಿ ಕಪ್ಪು ಜಾಗವೆಲ್ಲ ಬೂದಿಯಾಗಿ ಕಾಣುತ್ತೆ. ಎಣ್ಣೆ ಜಿಡ್ಡು ಉಳಿದಿದೆಯಾ ಅಂತ ನೋಡೋಕೆ ತಗಡಿನ ಮೇಲೆ ಉಸಿರು ಬಿಡಿ. ಮಂಜು ಸಮನಾಗಿ ಹರಡಿ ಸಮನಾಗಿ ಹೋದರೆ ಸರಿ, ತೇಪೆ ತೇಪೆಯಾಗಿ ಕಂಡರೆ ಮತ್ತೆ ಉಜ್ಜಿ.

ಆಮೇಲೆ ಅಯೋಡಿನ್ ಹೊಗೆ. ಪೆಟ್ಟಿಗೆಯ ತಳದಲ್ಲಿ ಅಯೋಡಿನ್ ಹರಳು, ಮೇಲೆ ತಗಡಿನ ಬೆಳ್ಳಿ ಮುಖ ಕೆಳಗಾಗಿ. ಬಣ್ಣ ಹಳದಿ, ಚಿನ್ನದ ಬಣ್ಣ, ಗುಲಾಬಿ, ನೀಲಿ ಅಂತ ತಿರುಗುತ್ತಾ ಹೋಗುತ್ತೆ. ಡಾಗೇರ್ ಚಿನ್ನದ ಹಳದಿಗೇ ನಿಲ್ಲಿಸುತ್ತಿದ್ದ. ಸ್ವಲ್ಪ ಬಿಟ್ಟರೆ ನೀಲಿಗೆ ಹೋಗಿ ವೇಗ ಕಳೆದುಕೊಳ್ಳುತ್ತೆ. ಇಷ್ಟಕ್ಕೇ ನಿಂತರೆ ಬಿಸಿಲಲ್ಲೂ ಎಕ್ಸ್‌ಪೋಷರ್ ಹತ್ತಿಪ್ಪತ್ತು ನಿಮಿಷ ಹಿಡಿಯುತ್ತಿತ್ತು. 1840ರ ಹೊತ್ತಿಗೆ ಬ್ರೋಮಿನ್ ಹೊಗೆಯನ್ನೂ ಕೊಟ್ಟು ನೋಡಿದರು, ಪೆಟ್ಸ್‌ವಾಲ್‌ನ ದೊಡ್ಡ ಬಾಯಿಯ ಲೆನ್ಸ್ ಕೂಡ ಆಗಲೇ ಬಂತು. ಎರಡೂ ಸೇರಿ ಮನುಷ್ಯರ ಮುಖ ಒಂದು ನಿಮಿಷದೊಳಗೆ ಸಿಕ್ಕಿತು.

ಕ್ಯಾಮೆರಾದಿಂದ ಬಂದ ತಗಡಿನಲ್ಲಿ ಏನೂ ಕಾಣಲ್ಲ. ಪಾದರಸವನ್ನು ಸುಮಾರು 60ರಿಂದ 75 ಡಿಗ್ರಿಗೆ ಕಾಯಿಸಿ ಅದರ ಆವಿಯ ಮೇಲೆ ತಗಡನ್ನು ಓರೆಯಾಗಿ ಹಿಡಿದರೆ ಬೆಳಕು ತಾಗಿದ ಕಡೆ ಮಾತ್ರ ಪಾದರಸ ಕೂರುತ್ತೆ. ಶಾಖ ಹೆಚ್ಚಾದರೆ ನೆರಳಿನ ಜಾಗಕ್ಕೂ ಬಿಳಿ ಮಂಜು ಕವಿಯುತ್ತೆ, ಕಡಿಮೆಯಾದರೆ ಚಿತ್ರ ಸೊರಗುತ್ತೆ. ಕೊನೆಗೆ ಹೈಪೋ, ಅದರ ಮೇಲೆ ಫಿಜೋ ಹೇಳಿಕೊಟ್ಟ ಚಿನ್ನದ ಪದರ: ತಗಡಿನ ಮೇಲೆ ಗೋಲ್ಡ್ ಕ್ಲೋರೈಡ್ ದ್ರಾವಣ ನಿಲ್ಲಿಸಿ ಕೆಳಗಿನಿಂದ ಸ್ಪಿರಿಟ್ ದೀಪದಲ್ಲಿ ಕಾಯಿಸೋದು.

ಇಷ್ಟೆಲ್ಲ ಆದ ಮೇಲೆ ಸಿಕ್ಕೋದು ಒಂದೇ ಒಂದು ಚಿತ್ರ. ಇನ್ನೊಂದು ಬೇಕಾದರೆ ಮತ್ತೆ ತಗಡು, ಮತ್ತೆ ಪಾದರಸ. ಮೇಲಿಂದ ಎಡಬಲ ಅದಲುಬದಲು.

ಧಾರವಾಡದ ಪಾಟೀಲ
ಹೈಪೋನೂ ಡಾಗೇರ್‌ದೇ ಏನ್ರೀ?

ಲ್ಯಾಬ್ ಲಕ್ಷ್ಮಣ
ಅಲ್ರೀ ಸರ. ಹೈಪೋ ಬೆಳ್ಳಿಯ ಲವಣ ಕರಗಿಸುತ್ತೆ ಅಂತ 1819ರಲ್ಲೇ ಹೇಳಿದ್ದು ಜಾನ್ ಹರ್ಷೆಲ್. ಡಾಗೇರ್ ಮೊದಲು ಉಪ್ಪುನೀರು ಬಳಸ್ತಿದ್ದ, 1839ರಲ್ಲಿ ಹರ್ಷೆಲ್ ಹೇಳಿದ ಮೇಲೆ ಎಲ್ಲರೂ ಹೈಪೋಗೆ ಬಂದರು.

ಮೈಸೂರು ಮಲ್ಲಿಗೆ
ಪಾದರಸ ಹಳೇ ಥರ್ಮಾಮೀಟರ್‌ಗಳಿಂದ ತೆಗೆದು ಗ್ಯಾಸ್ ಸ್ಟವ್ ಮೇಲೆ ಟ್ರೈ ಮಾಡಬಹುದಾ? ಬಾಲ್ಕನಿಯಲ್ಲಿ ಗಾಳಿ ಚೆನ್ನಾಗಿದೆ.

ಲ್ಯಾಬ್ ಲಕ್ಷ್ಮಣ
ಬೇಡ. ಮನೆಯಲ್ಲಿ ಪಾದರಸ ಕಾಯಿಸಲೇಬೇಡಿ. ಆವಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಬಾಲ್ಕನಿಯಿಂದ ಒಳಗೇ ಬರುತ್ತೆ, ಗೋಡೆ ಬಟ್ಟೆ ಹಿಡಿದು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತೆ. ಬ್ರೋಮಿನ್ ಕೂಡ ಹಾಗೇ ಭಯಂಕರ.
ತಗಡೇ ಬೇಕು ಅಂದರೆ 1840ರಲ್ಲಿ ಬೆಕೆರೆಲ್ ತೋರಿಸಿದ ದಾರಿ ಇದೆ. ಅಯೋಡಿನ್ ಮಾತ್ರ ಕೊಟ್ಟ ತಗಡಿಗೆ ಕ್ಯಾಮೆರಾದಲ್ಲಿ ಬೆಳಕು ಕೊಟ್ಟು, ಆಮೇಲೆ ಕೆಂಪು ಗಾಜಿನ ಕೆಳಗೆ ಗಂಟೆಗಟ್ಟಲೆ ಬೆಳಕಲ್ಲಿಟ್ಟರೆ ಚಿತ್ರ ತಾನೇ ಮೂಡುತ್ತೆ. ಪಾದರಸ ಬೇಕಿಲ್ಲ. ಆದರೆ ಅಯೋಡಿನ್ ಹೊಗೆಗೂ ಫ್ಯೂಮ್ ಹುಡ್ ಬೇಕು, ಎಕ್ಸ್‌ಪೋಷರ್ ಉದ್ದವಾಗುತ್ತೆ, ಬ್ರೋಮಿನ್ ತಗಡು ಇದಕ್ಕೆ ಆಗಿಬರಲ್ಲ.

ಬೆಳ್ಳಿಹಾಳೆ
ಮಲ್ಲಿಗೆ ಅವರೇ, ಕೈಯಾರೆ ಮಾಡೋ ಆಸೆ ಇದ್ದರೆ ಕ್ಯಾಲೊಟೈಪ್ ಮಾಡಿ. ಟಾಲ್ಬಟ್‌ನ ಅಳತೆಯನ್ನೇ ಗ್ರಾಂ ಲೆಕ್ಕಕ್ಕೆ ತಂದು ಒಂದು 8×10 ಇಂಚಿನ ಹಾಳೆಗೆ ಹೇಳ್ತೀನಿ. ಕೈಗವಸು, ಕನ್ನಡಕ ಹಾಕ್ಕೊಳ್ಳಿ. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪು ಮಾಡುತ್ತೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ನೀರು ಎಲ್ಲ ಕಡೆ ಡಿಸ್ಟಿಲ್ಡ್. ನಲ್ಲಿ ನೀರಿನ ಕ್ಲೋರೈಡ್ ತಾಗಿದ ಕೂಡಲೇ ಬೆಳ್ಳಿ ಹಾಲಿನಂತೆ ಬೆಳ್ಳಗಾಗಿ ಕೆಳಗೆ ಕೂರುತ್ತೆ.

170 ಮಿಲಿ ನೀರಿಗೆ 6.5 ಗ್ರಾಂ ಸಿಲ್ವರ್ ನೈಟ್ರೇಟ್ ಹಾಕಿ, ಮೆತ್ತಗಿನ ಬ್ರಷ್‌ನಿಂದ ಹಾಳೆಯ ಒಂದು ಮುಖಕ್ಕೆ ಹಚ್ಚಿ. ಬ್ರಷ್‌ಗೆ ಲೋಹದ ಪಟ್ಟಿ ಇರಬಾರದು. ಮಂದ ಬೆಳಕಲ್ಲಿ ಒಣಗಿಸಿ. 570 ಮಿಲಿ ನೀರಲ್ಲಿ 32 ಗ್ರಾಂ ಪೊಟ್ಯಾಶಿಯಂ ಅಯೊಡೈಡ್ ಕರಗಿಸಿ ಅದರಲ್ಲಿ ಎರಡು ಮೂರು ನಿಮಿಷ ಮುಳುಗಿಸಿ. ಹೆಚ್ಚು ಬಿಟ್ಟರೆ ಅಯೊಡೈಡೇ ಹಳದಿಯನ್ನು ಕರಗಿಸಿಬಿಡುತ್ತೆ, ಹಾಳೆ ಪೇಲವವಾದರೆ ಅದೇ ಕಾರಣ. ಆಮೇಲೆ ನೀರು ಬದಲಿಸುತ್ತಾ ಚೆನ್ನಾಗಿ ತೊಳೀಬೇಕು. ಅಯೊಡೈಡ್ ಒಳಗೆ ಉಳಿದರೆ ಮುಂದೆ ಹಚ್ಚೋ ಬೆಳ್ಳಿಯನ್ನೆಲ್ಲ ಅದೇ ನುಂಗುತ್ತೆ. ಒಣಗಿಸಿ ಎತ್ತಿಡಿ.

ಬಳಸೋ ದಿನ ಕೆಂಪು ದೀಪದಲ್ಲಿ ಎರಡು ಬಾಟಲಿ. ಒಂದರಲ್ಲಿ 57 ಮಿಲಿ ನೀರಿಗೆ 6.5 ಗ್ರಾಂ ಸಿಲ್ವರ್ ನೈಟ್ರೇಟ್, ಅದರ ಆರನೇ ಒಂದು ಪಾಲಿನಷ್ಟು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಇನ್ನೊಂದರಲ್ಲಿ ತಣ್ಣೀರು ಹಿಡಿಯುವಷ್ಟು ಗ್ಯಾಲಿಕ್ ಆಮ್ಲ, ಅಂದರೆ ನೂರು ಮಿಲಿಗೆ ಸುಮಾರು ಒಂದು ಗ್ರಾಂ. ಒಂದು ಹಾಳೆಗೆ ಬೇಕಾದಷ್ಟೇ, ಸಮಸಮ ಬೆರೆಸಿ. ಬೆರೆಸಿದ್ದು ಬೇಗ ಕೆಡುತ್ತೆ. ಹಚ್ಚಿ ಅರ್ಧ ನಿಮಿಷ ಬಿಟ್ಟು, ನೀರಲ್ಲಿ ಒಮ್ಮೆ ಅದ್ದಿ, ಬ್ಲಾಟಿಂಗ್ ಕಾಗದದಿಂದ ಒತ್ತಿ, ಹಸಿಯಾಗಿರುವಾಗಲೇ ಕ್ಯಾಮೆರಾಗೆ.

ಬಿಸಿಲು ಬಿದ್ದ ಕಲ್ಲುಗೋಡೆಗೆ ಕೆಲವು ನಿಮಿಷ ಬೇಕು. ಮೊದಲ ಹಾಳೆಯನ್ನು ಸ್ಲೈಡ್ ಎಳೆಯುತ್ತಾ ಪಟ್ಟಿಪಟ್ಟಿಯಾಗಿ 1, 2, 4, 8 ನಿಮಿಷಕ್ಕೆ ಕೊಟ್ಟು ನೋಡಿ. ಡೆವಲಪ್‌ಗೆ ಅದೇ ಮಿಶ್ರಣ ಇನ್ನೊಮ್ಮೆ. ಮೊದಲು ಆಕಾಶ ಕೆಂಗಂದಾಗಿ ಮೂಡುತ್ತೆ, ಆಮೇಲೆ ಗೋಡೆ. ಮೇಲಿನಿಂದ ನೋಡಿ ಮೋಸಹೋಗಬೇಡಿ, ಹಾಳೆ ಎತ್ತಿ ಕೆಂಪು ದೀಪಕ್ಕೆ ಹಿಡಿದು ನೋಡಿ. ನೆರಳಿನ ಜಾಗಕ್ಕೂ ಮಂಕು ಕವಿಯೋಕೆ ಶುರುವಾದರೆ ನಿಲ್ಲಿಸಿ, ತೊಳೆದು, 20% ಹೈಪೋಗೆ ಹಾಕಿ. ಹಿಂಬದಿಯ ಹಳದಿ ಪೂರ್ತಿ ಹೋಗೋವರೆಗೆ ಬಿಟ್ಟು, ಆಮೇಲೆ ಗಂಟೆ ಹೊತ್ತು ತೊಳೀರಿ. ಒಣಗಿದ ಮೇಲೆ ಜೇನುಮೇಣ ಹಚ್ಚಿ ಬ್ಲಾಟಿಂಗ್ ಕಾಗದಗಳ ನಡುವೆ ಇಸ್ತ್ರಿ ಹಾಕಿದರೆ ಹಾಳೆ ಪಾರದರ್ಶಕದ ಹತ್ತಿರ ಬರುತ್ತೆ, ಕಾಳು ಅರ್ಧಕ್ಕರ್ಧ ಇಳಿಯುತ್ತೆ.

ಪ್ರಿಂಟ್‌ಗೆ ಉಪ್ಪು ಮತ್ತು ಸಿಲ್ವರ್ ನೈಟ್ರೇಟ್ ಹಚ್ಚಿದ ಇನ್ನೊಂದು ಹಾಳೆಗೆ ಮುಖಕ್ಕೆ ಮುಖ ಕೊಟ್ಟು ಬಿಸಿಲಲ್ಲಿಡೋದು. ಹೀಗಾಗಿ ಎಡಬಲ ತಾನೇ ಸರಿಯಾಗುತ್ತೆ. ಎಷ್ಟು ಬೇಕಾದರೂ ಪ್ರತಿ.

ಗಣಪತಿ ಭಟ್, ಶಿರಸಿ
ಬೆಳ್ಳಿಹಾಳೆ ಮೇಡಂ, ಹೆಚ್ಚುಕಡಿಮೆ ಇದೇ ವಿಧಾನ ನನ್ನದೂ. ಆದರೆ ಹಾಳೆ ಪೂರ್ತಿ ಕಂದು ಬಣ್ಣಕ್ಕೆ ತಿರುಗುತ್ತೆ, ಚಿತ್ರ ಅದರೊಳಗೆ ಹೂತುಹೋಗುತ್ತೆ. ಕ್ಯಾಮೆರಾದಲ್ಲಿ ಬೆಳಕು ಸೋರ್ತಾ ಇದೆಯಾ?

ಬೆಳ್ಳಿಹಾಳೆ
ಭಟ್ಟರೇ, ಊಹೆ ಬೇಡ. ತಯಾರಾದ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಕ್ಯಾಮೆರಾಗೆ ತೋರಿಸದೆ, ಕತ್ತಲಲ್ಲೇ ಇಟ್ಟು ಉಳಿದದ್ದರ ಜೊತೆಗೇ ಡೆವಲಪ್ ಮಾಡಿ. ಪಟ್ಟಿಯೂ ಕಂದಾದರೆ ಕ್ಯಾಮೆರಾದ್ದು ತಪ್ಪಿಲ್ಲ, ರಸಾಯನದ್ದು. ಪಟ್ಟಿ ಸ್ವಚ್ಛವಾಗಿದ್ದರೆ ಕ್ಯಾಮೆರಾ, ಸ್ಲೈಡ್ ಹುಡುಕಿ.

ಗಣಪತಿ ಭಟ್, ಶಿರಸಿ
ಪಟ್ಟಿಯೂ ಕಂದು. ಅಂಚಲ್ಲಿ ಬ್ರಷ್ ಎಳೆದ ಗೆರೆ ಸಮೇತ.

ಬೆಳ್ಳಿಹಾಳೆ
ಹಾಗಾದರೆ ಶಾಖ ಅಥವಾ ಆಮ್ಲ. ಅಸಿಟಿಕ್ ಆಮ್ಲ ಅಲ್ಲಿರೋದೇ ಬೆಳಕು ತಾಗದ ಜಾಗದಲ್ಲಿ ಬೆಳ್ಳಿ ಕೆಳಗೆ ಬೀಳದಂತೆ ತಡೆಯೋಕೆ. ಕೋಣೆ 30 ಡಿಗ್ರಿ ಇದ್ದರೆ ಇಂಗ್ಲೆಂಡಿನ ಅಳತೆ ಸಾಲಲ್ಲ. ಆಮ್ಲ ಹೆಚ್ಚಿಸಿ, ಗ್ಯಾಲಿಕ್ ಕಡಿಮೆ ಮಾಡಿ, ಬೆಳಗಿನ ಜಾವ ಕೆಲಸ ಮಾಡಿ. ಆಮೇಲೆ ಕಾಗದ ಯಾವುದು?

ಗಣಪತಿ ಭಟ್, ಶಿರಸಿ
ಪೇಟೆಯಲ್ಲಿ ಸಿಗೋ ಜಲವರ್ಣದ ಹಾಳೆ. ಆಸಿಡ್ ಫ್ರೀ ಅಂತ ಬರೆದಿದೆ, ಒಳ್ಳೇದು ಅಂತ ತಂದೆ.

ಲ್ಯಾಬ್ ಲಕ್ಷ್ಮಣ
ಸಿಕ್ಕಿಬಿತ್ತು! ಈಗಿನ ಅಂಥ ಹಾಳೆಗಳಲ್ಲಿ ಬಹುಪಾಲು ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ನೀವು ಹಾಕೋ ಆಮ್ಲವನ್ನು ಅದು ಕೂಡಲೇ ಕೊಲ್ಲುತ್ತೆ.

ಟೆಲಿಲೆನ್ಸ್
ಇಷ್ಟೆಲ್ಲ ಕೇಳಿದ್ಮೇಲೂ ನನಗೆ ಅನ್ನಿಸೋದು, ಕಾಗದ ಗೆದ್ದಿದ್ದು ಅಂತ ಹೇಳೋದೇ ತಪ್ಪು. 1851ರಲ್ಲಿ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ತಂದ, ತಗಡಿನ ಚೂಪು ಮತ್ತು ಕಾಗದದ ಪ್ರತಿ ಎರಡೂ ಒಟ್ಟಿಗೆ ಸಿಕ್ತು. ತಗಡೂ ಕಾಗದವೂ ಎರಡೂ ಸೋತವು.

ಸಂಗ್ರಹಪಾಲಕಿ
ಇದು ಒಪ್ಪೋ ಮಾತು. ಆದರೆ ಪೇಟೆಂಟ್ ಬಿಡಬೇಡಿ. ಫ್ರೆಂಚ್ ಸರ್ಕಾರ ಡಾಗೇರ್‌ಗೆ ವರ್ಷಕ್ಕೆ 6000 ಫ್ರಾಂಕ್ ಪಿಂಚಣಿ ಕೊಟ್ಟು ವಿಧಾನವನ್ನು ಬಹಿರಂಗ ಮಾಡಿತು, ಇಂಗ್ಲೆಂಡಿನಲ್ಲಿ ಮಾತ್ರ ಅದಕ್ಕೆ ಪೇಟೆಂಟ್ ಇತ್ತು. ಟಾಲ್ಬಟ್‌ನ ಪೇಟೆಂಟ್ ಸ್ಕಾಟ್ಲೆಂಡಿಗೆ ಹಬ್ಬಲಿಲ್ಲ. 1843ರಿಂದ ಎಡಿನ್‌ಬರೋದಲ್ಲಿ ಹಿಲ್ ಮತ್ತು ಆಡಮ್‌ಸನ್ ಅಷ್ಟು ಕ್ಯಾಲೊಟೈಪ್ ಮಾಡೋಕೆ ಅದೂ ಒಂದು ಕಾರಣ.

ಟೆಲಿಲೆನ್ಸ್
ಪೇಟೆಂಟೇ ಕಾರಣ ಆಗಿದ್ರೆ ಫ್ರಾನ್ಸಲ್ಲಿ ಯಾಕೆ ಕಾಗದ ಅಷ್ಟು ಚೆನ್ನಾಗಿ ನಡೀತು?

ಸಂಗ್ರಹಪಾಲಕಿ
ಅಲ್ಲಿ ಬ್ಲಾಂಕಾರ್-ಎವ್ರಾರ್, ಲ ಗ್ರೇ ವಿಧಾನವನ್ನೇ ಸುಧಾರಿಸಿ ಬಹಿರಂಗವಾಗಿ ಹೇಳಿದರು. ಹಾಗಾಗಿ ಅದು ನನ್ನ ವಾದಕ್ಕೇ ಬೆಂಬಲ. ನೀವು ಒಪ್ಪಲ್ಲ ಅಂತ ಗೊತ್ತು.

ಹೊಯ್ಸಳಪ್ರಿಯ
ಇನ್ನೊಂದು. ಆಕಾಶ ಯಾಕೆ ಹಾಗೆ ಖಾಲಿ? ಹಳೇಬೀಡಿನಲ್ಲಿ ಡಿಸೆಂಬರ್ ಮೋಡ ಇದ್ದೇ ಇರುತ್ತೆ.

ಬೆಳ್ಳಿಹಾಳೆ
ಸಿಲ್ವರ್ ಅಯೊಡೈಡ್‌ಗೆ ನೀಲಿ ಮತ್ತು ನೇರಳೆ ಬಿಟ್ಟರೆ ಬೇರೆ ಬಣ್ಣ ಕಾಣಲ್ಲ. ಕಲ್ಲಿನ ನೆರಳಿಗೆ ಸಾಕಾಗುವಷ್ಟು ಬೆಳಕು ಕೊಟ್ಟಾಗ ನೀಲಿ ಆಕಾಶ, ಬಿಳಿ ಮೋಡ ಎರಡೂ ನೆಗೆಟಿವ್‌ನಲ್ಲಿ ಒಂದೇ ಕಪ್ಪಾಗಿ ಕೂರುತ್ತವೆ. ಹಸಿರು ಗಿಡಮರ ಕಾಣದೆ ಪ್ರಿಂಟ್‌ನಲ್ಲಿ ಕರಿಯ ಗುಡ್ಡೆಯಾಗುತ್ತೆ. ಆಕಾಶದ ಜಾಗದಲ್ಲಿ ಕಾಗದದ ಕಲೆ ಎದ್ದು ಕಾಣುವುದರಿಂದ ಎಷ್ಟೋ ಜನ ಅಲ್ಲಿ ನೆಗೆಟಿವ್‌ಗೆ ಮಸಿ ಬಳಿದು ಮುಚ್ಚುತ್ತಿದ್ದರು. ಟ್ರೈಪ್ ಮುಂದೆ ಬರ್ಮಾದಲ್ಲಿ ತೆಗೆದ ನೆಗೆಟಿವ್‌ಗಳ ಮೇಲೆ ಮೋಡ, ಎಲೆಗಳನ್ನು ಬಣ್ಣದಲ್ಲಿ ಬರೆದಿದ್ದಾನೆ. ಗೋಪುರದ ಅಂಚಿನ ಸುತ್ತ ದೊಡ್ಡದು ಮಾಡಿ ನೋಡಿ, ಬ್ರಷ್ ಸ್ವಲ್ಪ ಒಳಗೆ ಅಥವಾ ಹೊರಗೆ ಹೋದ ಕಡೆ ಗೆರೆ ಸಿಗುತ್ತೆ.

ಗಣಪತಿ ಭಟ್, ಶಿರಸಿ
ಕಾಗದದ ವಿಷಯ ಅರ್ಧಕ್ಕೇ ನಿಂತಿತು. ಸುಣ್ಣ ಇದೆಯಾ ಇಲ್ಲವಾ ಅಂತ ಅಂಗಡಿಯಲ್ಲಿ ತಿಳಿಯೋದು ಹೇಗೆ?

ಲ್ಯಾಬ್ ಲಕ್ಷ್ಮಣ
ಒಂದು ಹಾಳೆ ತಂದು ಮೂಲೆ ಹರಿದು, ಹರಿದ ಅಂಚಿಗೆ ನಿಂಬೆರಸವೋ ವಿನೆಗರೋ ಒಂದು ಹನಿ ಹಾಕಿ ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗುಳ್ಳೆ ಎದ್ದರೆ ಸುಣ್ಣ ಇದೆ. ಆ ಹಾಳೆಯನ್ನೇ ಬಳಸಬೇಕಾದರೆ ಮೊದಲು ಸಿಟ್ರಿಕ್ ಆಮ್ಲದ ನೀರಲ್ಲಿ ಗುಳ್ಳೆ ನಿಲ್ಲೋವರೆಗೆ ನೆನೆಸಿ, ಚೆನ್ನಾಗಿ ತೊಳೆದು ಒಣಗಿಸಿ. ಒದ್ದೆಯಾದಾಗ ಮೆತ್ತಗಾಗಿ ನಾರು ಏಳೋ ಹಾಳೆ ಆದರೆ ಬಿಟ್ಟುಬಿಡಿ, ಮುಂದಿನ ಅಷ್ಟೂ ತೊಳೆತವನ್ನು ಅದು ತಡೆಯಲ್ಲ.